ನನ್ನ ನಂಬರಿಗೆ ನಾನೇ ಕಳ್ಳನಾದ ಕಥೆ

ಹೋದ ತಿಂಗಳು ನನ್ನ ಅಂಗಡಿಯ ನಂಬರ್ ಎರಡನೇ ಸಲ ಯಾರದೋ ಕೈಗೆ ಹೋಯಿತು, ಅಂದರೆ ನನ್ನ ಹೆಸರು ಹೇಳಿ ಯಾರೋ ಕಂಪನಿಯಿಂದ ಅದೇ ನಂಬರಿಗೆ ಹೊಸ ಸಿಮ್ ತೆಗೆಸಿಕೊಂಡರು. ಮೊದಲ ಸಲ ಹೋದಾಗ ಸುಮಾರು ಹನ್ನೆರಡು ದಿನದ ವ್ಯಾಪಾರದಷ್ಟು ದುಡ್ಡು ಕೈಬಿಟ್ಟಿತ್ತು. ಈ ಸಲ ಬಿಡಿಗಾಸೂ ಹೋಗಲಿಲ್ಲ. ಒಂದೂವರೆ ವರ್ಷದಿಂದ ನಾನು ಮಾಡುತ್ತಿದ್ದುದನ್ನು ನೋಡಿ ನಕ್ಕವರೇ ಜಾಸ್ತಿ. ನಮ್ಮ ಭಾವನಂತೂ "ನಿಂಗೆ ಅಂಗಡಿಗಿಂತ ಫೋನ್ ಕಾಯೋದೇ ಕೆಲಸ ಆಯ್ತು" ಅನ್ನುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಜಂಬ ಇದ್ದರೆ ಸಹಿಸಿಕೊಳ್ಳಿ.

ಮೊದಲ ಸಲದ ಕಥೆಯಲ್ಲಿ ಒಂದು ವಿಚಿತ್ರ ಇದೆ. ನನ್ನ ವಾಟ್ಸಾಪ್‌ಗೆ ಎಸ್‌ಎಂಎಸ್ ಕೋಡ್ ಆದ ಮೇಲೂ ಕೇಳುವ ಆರಂಕಿಯ ಟೂ-ಸ್ಟೆಪ್ ಪಿನ್ ಆಗಲೇ ಇತ್ತು. ಪಿನ್ ಇಟ್ಟರೆ ಮುಗಿಯಿತು ಅಂದುಕೊಂಡು ಹಾಯಾಗಿದ್ದೆ. ಆದರೂ ಹೋಯಿತು. ಹೇಗೆ ಅಂತ ಅರ್ಥ ಮಾಡಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು. ಪಿನ್ ಮರೆತರೆ ಇರಲಿ ಅಂತ ನನ್ನ ಇಮೇಲ್ ಕೊಟ್ಟಿದ್ದೆ. ಆ ಇಮೇಲಿನ ಪಾಸ್‌ವರ್ಡ್ ಮರೆತರೆ ಇರಲಿ ಅಂತ ಅಲ್ಲಿ ಇದೇ ಅಂಗಡಿ ನಂಬರ್ ಕೊಟ್ಟಿದ್ದೆ. ಸಿಮ್ ಕೈಗೆ ಬಂದವನು ಮೊದಲು ಇಮೇಲಿಗೆ ಹೋದ. ಪಾಸ್‌ವರ್ಡ್ ಮರೆತೆ ಅಂದ, ಎಸ್‌ಎಂಎಸ್ ಬಂತು, ಒಳಗೆ ಹೋದ. ಆಮೇಲೆ ವಾಟ್ಸಾಪ್‌ನಲ್ಲಿ ಪಿನ್ ಮರೆತೆ ಅಂದ. ಅದನ್ನು ತೆಗೆದುಹಾಕುವ ಲಿಂಕ್ ಅದೇ ಇಮೇಲಿಗೆ ಬಂತು. ಎರಡು ಬೀಗ ಹಾಕಿ, ಒಂದರ ಕೀಲಿಯನ್ನು ಇನ್ನೊಂದಕ್ಕೇ ಕಟ್ಟಿದ ಹಾಗೆ.

ಇನ್ನೊಂದು ತಪ್ಪು ಇದಕ್ಕಿಂತ ಸಣ್ಣದು, ಆದರೆ ನಷ್ಟ ಮಾಡಿದ್ದು ಅದೇ. ಅಂಗಡಿಯಲ್ಲಿ ಫೋನು ವೈಫೈಗೆ ಸಿಕ್ಕಿಕೊಂಡಿತ್ತು. ಸಿಗ್ನಲ್ ಹೋಗಿದ್ದು ಗೊತ್ತೇ ಆಗಲಿಲ್ಲ. ಮೇಲ್ತುದಿಯಲ್ಲಿ ಸಣ್ಣಗೆ 'No service' ಅಂತ ಇತ್ತಂತೆ, ಯಾರು ನೋಡುತ್ತಾರೆ? ಸುಮಾರು ಮೂರು ಗಂಟೆ ಕಳೆದ ಮೇಲೆ ಒಬ್ಬ ಹಳೆ ಗಿರಾಕಿ ಬಂದು "ಹೊಸ ಅಕೌಂಟಿಗೆ ಹಾಕಿದೀನಿ, ಬಂತಾ ಸಾರ್?" ಅಂದಾಗಲೇ ತಿಳಿದದ್ದು. ಅಷ್ಟರಲ್ಲಿ ಬಾಕಿ ಇದ್ದ ಏಳೆಂಟು ಜನರಿಗೆ ನನ್ನ ಹೆಸರಲ್ಲೇ ಮೆಸೇಜ್ ಹೋಗಿತ್ತು. ನನ್ನ ಖಾತೆಯಿಂದ ಹೋದದ್ದು ಕಡಿಮೆ. ಅವರು ಕಟ್ಟಿದ್ದನ್ನು ನಾನು ಮತ್ತೆ ಕೇಳಲಾಗಲಿಲ್ಲ, ಅದೇ ದೊಡ್ಡ ಹೊಡೆತ.

ಆಮೇಲೆ ಏನೇನೋ ಮಾಡಿದೆ. ಮೊದಲು ಸಿಮ್‌ಗೆ ಪಿನ್ ಹಾಕಿದೆ. ಇದು ಬಹಳ ಜನ ಮಾಡುವ ತಪ್ಪು. ಸಿಮ್ ಪಿನ್ ಇರುವುದು ನಿಮ್ಮ ಕೈಯಲ್ಲಿರುವ ಪ್ಲಾಸ್ಟಿಕ್ ತುಂಡಿಗೆ. ಫೋನ್ ಕದ್ದವನು ಸಿಮ್ ತೆಗೆದು ಬೇರೆ ಫೋನಿಗೆ ಹಾಕದಂತೆ ತಡೆಯುತ್ತದೆ, ಅದಕ್ಕೆ ಇರಲಿ. ಆದರೆ ಕಂಪನಿ ಹೊಸ ಸಿಮ್ ಕೊಟ್ಟರೆ ಅದಕ್ಕೆ ನಿಮ್ಮ ಪಿನ್ ಇರುವುದಿಲ್ಲ. ಸಾಲದ್ದಕ್ಕೆ ಅಂಗಡಿ ಹುಡುಗ ಮೂರು ಸಲ ತಪ್ಪು ಒತ್ತಿದ, ಸಿಮ್ ಬೀಗ ತೆಗೆಯುವ ಪಿಯುಕೆ ಕೋಡ್ ಕೇಳಿತು. ನಾನು ಅವಸರದಲ್ಲಿ ಅದನ್ನೂ ಹತ್ತು ಸಲ ತಪ್ಪು ಒತ್ತಿ ಸಿಮ್ಮನ್ನೇ ಕೊಂದೆ. ಹೊಸದಕ್ಕೆ ಕೌಂಟರಿಗೆ ಹೋದೆ. ಅಲ್ಲಿ ಕೂತವನು ಹೆಸರು, ನಂಬರ್ ಕೇಳಿದ, ಗುರುತಿನ ಚೀಟಿಯನ್ನು ಒಂದು ಕ್ಷಣ ನೋಡಿದ, ಫೋಟೋದ ಕಡೆ ಕಣ್ಣೂ ಹಾಯಿಸಲಿಲ್ಲ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಆ ಹತ್ತು ನಿಮಿಷ ನನ್ನ ಕಣ್ಣು ತೆರೆಸಿತು. ಕಂಪನಿಯವರು ಕಾಯುತ್ತಾರೆ ಅನ್ನುವವರಿಗೆ ಒಂದು ಮಾತು: 2020ರಲ್ಲಿ ಹೊರಬಂದ ಅಧ್ಯಯನಕ್ಕಾಗಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು ಅಮೆರಿಕದ ಐದು ಪ್ರಿಪೇಯ್ಡ್ ಕಂಪನಿಗಳಲ್ಲಿ ಒಟ್ಟು 50 ಸಲ ಬರೀ ಫೋನ್ ಕರೆ ಮಾಡಿ ಸಿಮ್ ಬದಲಿಸಲು ನೋಡಿದ್ದರು, 39 ಸಲ ಆಗಿಬಿಟ್ಟಿತು.

ಆಗ ನನ್ನ ಲೆಕ್ಕ ಬದಲಾಯಿತು. ಸಿಮ್ ಹೋಗುವುದನ್ನು ನಾನು ತಡೆಯಲಾರೆ. ಹೋದರೂ ಅದರಿಂದ ಏನೂ ತೆರೆಯಬಾರದು, ಅಷ್ಟೇ.

ಅದನ್ನು ಪರೀಕ್ಷೆ ಮಾಡುವುದು ಹೇಗೆ? ಒಂದು ರಜೆಯ ದಿನ ಹಳೆ ಫೋನನ್ನು ಪೂರ್ತಿ ಅಳಿಸಿ, ನನ್ನ ಸಿಮ್ ತೆಗೆದು ಅದಕ್ಕೆ ಹಾಕಿದೆ. ನನಗೆ ನಾನೇ ಹಾಕಿಕೊಂಡ ನಿಯಮ ಹೀಗಿತ್ತು: ಕಳ್ಳನಿಗೆ ಗೊತ್ತಿರುವುದು ನನ್ನ ಹೆಸರು, ನಂಬರ್, ಹುಟ್ಟಿದ ದಿನ ಮಾತ್ರ. ಯಾವ ಪಾಸ್‌ವರ್ಡೂ ಗೊತ್ತಿಲ್ಲ, ಯಾವ ಪಿನ್ನೂ ಗೊತ್ತಿಲ್ಲ. ಪ್ರತಿ ಖಾತೆಯಲ್ಲೂ 'ಮರೆತೆ' ಅನ್ನುವುದನ್ನು ಒತ್ತುತ್ತಾ ಹೋದೆ. ಒಂಬತ್ತು ಖಾತೆಯಲ್ಲಿ ಆರು ತೆರೆದವು. ಇಮೇಲು, ಸಗಟು ವ್ಯಾಪಾರಿಯ ಆರ್ಡರ್ ಆ್ಯಪ್, ಒಂದು ವ್ಯಾಲೆಟ್, ಇನ್ನೂ ಏನೇನೋ. ರಟ್ಟಿನ ಮೇಲೆ ಪ್ರತಿ ಖಾತೆಯ ಹೆಸರು ಬರೆದು, ಯಾವುದು ಯಾವುದರಿಂದ ತೆರೆಯಿತು ಅಂತ ಬಾಣ ಹಾಕಿದೆ. ಬಹುತೇಕ ಬಾಣಗಳು ಸುತ್ತಿ ಬಳಸಿ ಆ ಒಂದು ಸಿಮ್‌ಗೇ ಬಂದು ನಿಂತವು. ಭಾವ ನಕ್ಕಿದ್ದು ಈ ರಟ್ಟನ್ನು ನೋಡಿ.

ನೀವು ಮಾಡುವುದಾದರೆ ಒಂದು ಎಚ್ಚರಿಕೆ. ಹಳೆ ಫೋನಿನಲ್ಲಿ ವಾಟ್ಸಾಪ್‌ನ ಎಸ್‌ಎಂಎಸ್ ಕೋಡ್ ಹಾಕಿದ ತಕ್ಷಣ ನಿಮ್ಮ ನಿಜವಾದ ಫೋನಿನಿಂದ ಅದು ಹೊರಗೆ ಬೀಳುತ್ತದೆ. ಬ್ಯಾಕಪ್ ತೆಗೆಯದೆ ಕೈ ಹಾಕಬೇಡಿ. ನಾನು ಮೊದಲ ಸಲ ತೆಗೆದಿರಲಿಲ್ಲ, ಎರಡು ತಿಂಗಳ ಆರ್ಡರ್ ಮಾತುಕತೆ ಹೋಯಿತು. ಪಾವತಿ ಆ್ಯಪ್‌ಗಳು ಹೊಸ ಫೋನ್ ಕಂಡರೆ ಮಿತಿ ಇಳಿಸಿಯೋ ತಡೆದೋ ಇಡಬಹುದು. ಅದಕ್ಕೇ ವ್ಯಾಪಾರ ಇಲ್ಲದ ದಿನ ಬೇಕು.

ಸರಿಪಡಿಸಿದ್ದು ಇಮೇಲಿನಿಂದ. ಬಾಣಗಳೆಲ್ಲ ಅದರ ಮೂಲಕವೇ ಹೋಗುತ್ತಿದ್ದವು. ಅದರಲ್ಲಿ ಫೋನ್ ನಂಬರನ್ನೇ ತೆಗೆದುಹಾಕಿದೆ. ಬದಲಿಗೆ ಫೋನಿನಲ್ಲೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿದೆ. ಇಲ್ಲೂ ಎಡವಿದೆ: ಆ ಆ್ಯಪನ್ನು ಅಂಗಡಿ ಫೋನಿಗೇ ಹಾಕಿದ್ದೆ, ಫೋನ್ ಕೆಳಗೆ ಬಿದ್ದು ಸತ್ತಿತು. ಅರ್ಧ ದಿನ ನನ್ನ ಇಮೇಲಿಗೆ ನಾನೇ ಹೊರಗಿನವ. ಈಗ ಅದು ಎರಡು ಫೋನಿನಲ್ಲಿದೆ, ಜೊತೆಗೆ ಕಾಗದದ ಮೇಲೆ ಬ್ಯಾಕಪ್ ಕೋಡ್‌ಗಳಿವೆ. ಗೂಗಲ್ ಖಾತೆಯಾದರೆ ಒಂದು ಸಲಕ್ಕೆ ಹತ್ತು ಕೊಡುತ್ತದೆ, ಒಂದು ಕೋಡ್ ಒಂದೇ ಸಲಕ್ಕೆ. ಕಾಗದ ಎಲ್ಲಿಟ್ಟಿದ್ದೇನೆ ಅಂತ ಮಾತ್ರ ಕೇಳಬೇಡಿ.

ಎರಡನೆಯದು, ಬ್ಯಾಂಕಿಗೆ ಬೇರೆ ನಂಬರ್. ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ವಾಟ್ಸಾಪ್‌ನಲ್ಲಿ ಇರುವ ನಂಬರನ್ನು ಬ್ಯಾಂಕಿನಿಂದ ತೆಗೆಸಿದೆ. ಇನ್ನೊಂದು ಸಿಮ್ ತಗೊಂಡೆ, ಅದು ಮನೆಯಲ್ಲಿರುವ ಫೋನಿನಲ್ಲಿದೆ. ಬ್ಯಾಂಕಿನ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು ಅಂತ ಹಟ ಹಿಡಿಯುವ ಪಾವತಿ ಆ್ಯಪ್‌ಗಳಿವೆ. ಹಾಗಾಗಿ ದುಡ್ಡು ಕಳಿಸುವ ಆ್ಯಪ್ ಮನೆ ಫೋನಿಗೆ ಹೋಯಿತು. ಅಂಗಡಿ ಫೋನಿನಲ್ಲಿ ದುಡ್ಡು ಬಂದದ್ದು ಕಾಣುವಷ್ಟು ಮಾತ್ರ ಉಳಿಯಿತು. ಅದು ಕೂಡ ಬರೀ ಜಮಾ ಆಗುವ ಖಾತೆ, ಪ್ರತಿ ರಾತ್ರಿ ಮನೆಗೆ ಹೋಗಿ ಅದನ್ನು ಖಾಲಿ ಮಾಡುತ್ತೇನೆ. ಸಗಟಿನವರಿಗೆ ಹಗಲಲ್ಲಿ ದುಡ್ಡು ಕಳಿಸಲು ಆಗುವುದಿಲ್ಲ, ಮೊದಲ ತಿಂಗಳು ಅವರ ಬೈಗುಳ ತಿಂದೆ. ಈಗ ರಾತ್ರಿಯೇ ಕಳಿಸುತ್ತೇನೆ ಅಂತ ಅವರಿಗೂ ಗೊತ್ತು.

ಈ ಗುಟ್ಟಿನ ನಂಬರಿಗೆ ಒಂದು ಕಾಯಿಲೆ ಇದೆ. ಬಳಸದ ನಂಬರನ್ನು ಕಂಪನಿ ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತದೆ. ನಾನು ರೀಚಾರ್ಜ್ ಮರೆತು ಇನ್ನೇನು ಕಳೆದುಕೊಳ್ಳುವುದರಲ್ಲಿದ್ದೆ. ಹಾಗಾಗಿದ್ದರೆ ಕಳ್ಳ ಬೇಡ, ಅಪರಿಚಿತನೊಬ್ಬನಿಗೆ ನನ್ನ ಬ್ಯಾಂಕಿನ ಎಸ್‌ಎಂಎಸ್ ನೇರ ಹೋಗುತ್ತಿತ್ತು. ಈಗ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿದೆ.

ನಡುವೆ ಒಂದು ಪಕ್ಕದಾರಿ. ಸಿಮ್ ಬದಲಿಸದೆಯೂ ಕೋಡ್ ಕದಿಯಬಹುದು. ಪಾರ್ಸೆಲ್ ಬಂದಿದೆ, ಈ ಸಂಖ್ಯೆ ಒತ್ತಿ ಅಂತ ಯಾರೋ ಹೇಳಿದ್ದಕ್ಕೆ ನಮ್ಮ ಹುಡುಗ ಒತ್ತಿದ್ದ. ಅದು ಕಾಲ್ ಫಾರ್ವರ್ಡ್. ಆಮೇಲೆ ವಾಟ್ಸಾಪ್ ಕೋಡನ್ನು ಕರೆ ಮಾಡಿ ತಿಳಿಸು ಅಂತ ಅವರು ಆ್ಯಪ್‌ಗೆ ಹೇಳಿದರೆ ಆ ಕರೆ ಅವರಿಗೇ ಹೋಗುತ್ತದೆ. ವಾರಕ್ಕೊಮ್ಮೆ ಮೊದಲನೆಯದನ್ನು ಒತ್ತಿ ನೋಡುತ್ತೇನೆ, ಗೊತ್ತಿಲ್ಲದ ನಂಬರ್ ಕಂಡರೆ ಎರಡನೆಯದು ಎಲ್ಲವನ್ನೂ ಅಳಿಸುತ್ತದೆ:

```
*#21#
##002#
```

ಎಲ್ಲ ಕಂಪನಿಯಲ್ಲೂ ಇದು ಒಂದೇ ರೀತಿ ಕೆಲಸ ಮಾಡುವುದಿಲ್ಲ, ನಿಮ್ಮದರಲ್ಲಿ ನೋಡಿಕೊಳ್ಳಿ. ಎರಡನೆಯದು ನೀವೇ ಹಾಕಿಕೊಂಡ ಫಾರ್ವರ್ಡ್‌ಗಳನ್ನೂ ತೆಗೆದುಬಿಡುತ್ತದೆ.

ಮೂರನೆಯದು ನನ್ನ ಹೆಮ್ಮೆ: ಅಂಗಡಿ ಫೋನಿನ ವೈಫೈ ಬಂದ್. ಬರೀ ಮೊಬೈಲ್ ಡೇಟಾ. ಡೇಟಾಕ್ಕೆ ಸ್ವಲ್ಪ ಜಾಸ್ತಿ ಖರ್ಚು, ಹೌದು. ಆದರೆ ಸಿಮ್ ಸತ್ತರೆ ಇಂಟರ್ನೆಟ್ಟೂ ಸಾಯುತ್ತದೆ, ದುಡ್ಡು ಬಂದದ್ದು ಕಾಣುವುದು ನಿಲ್ಲುತ್ತದೆ. ಮುಂದಿನ ಗಿರಾಕಿ ಕಟ್ಟುವಷ್ಟರಲ್ಲಿ ಗೊತ್ತಾಗುತ್ತದೆ.

ಹೋದ ತಿಂಗಳು ಆದದ್ದೂ ಹಾಗೆಯೇ. ಸಂಜೆ ನಾಲ್ಕರ ಹೊತ್ತಿಗೆ ಹುಡುಗ "ಅಣ್ಣಾ, ಇವರದ್ದು ಬಂದಿಲ್ಲ ಅಂತ ತೋರಿಸ್ತಿದೆ" ಅಂದ. ಫೋನ್ ಒಮ್ಮೆ ಆಫ್ ಮಾಡಿ ಆನ್ ಮಾಡಿದೆ, ಸಿಗ್ನಲ್ ಇಲ್ಲ. ಅದೇ ಕಂಪನಿಯ ಸಿಮ್ ಇದ್ದ ಪಕ್ಕದ ಅಂಗಡಿಯವರ ಫೋನಿಗೆ ಪೂರ್ತಿ ಸಿಗ್ನಲ್. ಅಂದರೆ ಟವರ್ ತೊಂದರೆ ಅಲ್ಲ. ಅವರ ಫೋನಿನಿಂದಲೇ ಕಂಪನಿಗೆ ಕರೆ ಮಾಡಿ, "ನನ್ನ ನಂಬರಿಗೆ ಇವತ್ತು ಹೊಸ ಸಿಮ್ ಕೊಟ್ಟಿದ್ದೀರಾ?" ಅಂತ ಕೇಳಿದೆ. ಹೌದು ಅಂದರು. ನಂಬರ್ ತಡೆಹಿಡಿಯಿರಿ ಅಂದೆ. ಹಳೆ ಸಿಮ್ ಮೇಲಿನ ಉದ್ದ ಸಂಖ್ಯೆ ಬರೆದಿಟ್ಟಿದ್ದೆ, ನಂಬರ್ ನನ್ನದೇ ಅಂತ ತೋರಿಸಲು ಅದು ಬಂತು. ಒಟ್ಟು ಇಪ್ಪತ್ತೈದು ನಿಮಿಷ ಆಗಿರಬೇಕು.

ಅಷ್ಟರಲ್ಲಿ ಅವನು ಏನು ಮಾಡಿದ್ದ ಅಂತ ರಾತ್ರಿ ಮನೆ ಫೋನಿನಲ್ಲಿ ಇಮೇಲ್ ತೆರೆದಾಗ ಕಂಡಿತು. ಇಮೇಲಿಗೆ ಎರಡು ಸಲ ತಟ್ಟಿದ್ದ, ತೆರೆಯಲಿಲ್ಲ. ಆಮೇಲೆ ವಾಟ್ಸಾಪ್ ಪಿನ್ ಮರೆತೆ ಅಂದಿದ್ದ. ಆ ಲಿಂಕ್ ಇಮೇಲಿನಲ್ಲೇ ಕೂತಿತ್ತು, ನನಗಾಗಿ. ವಾಟ್ಸಾಪ್ ಇಬ್ಬರಿಗೂ ಇರಲಿಲ್ಲ: ಎಸ್‌ಎಂಎಸ್ ಕೋಡ್ ಹಾಕಿ ನನ್ನನ್ನು ಹೊರಗೆ ತಳ್ಳಿದ್ದ, ಪಿನ್ ಮುಂದೆ ತಾನೂ ನಿಂತಿದ್ದ. ಪಿನ್ ಗೊತ್ತಿಲ್ಲದೆ, ಇಮೇಲೂ ಕೈಗೆ ಸಿಗದೆ ಹೋದರೆ ಏಳು ದಿನ ಕಾಯಬೇಕು. ನನಗೆ ಮರುದಿನ ಮಧ್ಯಾಹ್ನ ಸಿಮ್ ವಾಪಸ್ ಬಂತು, ಹೊಸ ಕೋಡ್ ತರಿಸಿ ನನ್ನ ಪಿನ್ ಹಾಕಿದೆ. ನಷ್ಟ ಅಂದರೆ ಒಂದು ದಿನದ ಮೆಸೇಜ್ ಆರ್ಡರ್‌ಗಳು.

ಗುಟ್ಟಿನ ನಂಬರ್ ಎಲ್ಲಾದರೂ ಸೋರಿದರೆ ಯಾರಿಂದ ಸೋರಿತು ಅಂತ ತಿಳಿಯಲು ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಕೆಲಸ ಮಾಡುವುದಿಲ್ಲ. ಭಾವ ಹೋದ ಭಾನುವಾರ ತಮ್ಮ ಸಿಮ್ಮು, ಒಂದು ಹಳೆ ಫೋನು ಹಿಡಿದುಕೊಂಡು ಮನೆಗೆ ಬಂದಿದ್ದರು. ಅವರದ್ದು ಹನ್ನೊಂದರಲ್ಲಿ ಒಂಬತ್ತು ತೆರೆದವು.