ಲೋನ್ ಪ್ರೊಸೆಸಿಂಗ್ ಫೀ ಸರಿಯಾಗಿ ಕಟ್ ಆಗಿದ್ಯಾ, ಜಿಎಸ್‌ಟಿ ಎರಡು ಸಲ ಹೋಗಿದ್ಯಾ? ನೋಡೋದು ಹೀಗೆ

ಹೋಮ್ ಲೋನ್ ಸ್ಯಾಂಕ್ಷನ್ ಆದ್ಮೇಲೆ ಎಲ್ರೂ ನೋಡೋದು ಎರಡೇ, ಬಡ್ಡಿ ಎಷ್ಟು, ಇಎಂಐ ಎಷ್ಟು. ಪ್ರೊಸೆಸಿಂಗ್ ಫೀ ಅನ್ನೋ ಸಾಲು ಬಂದಾಗ "ಅದೆಲ್ಲ ಇದ್ದಿದ್ದೇ" ಅಂತ ಸೈನ್ ಹಾಕ್ತಾರೆ. ಚೆಕ್ ಮಾಡೋರೂ ಇದ್ದಾರೆ, ಆದ್ರೆ ಅವರು ಸ್ಯಾಂಕ್ಷನ್ ಲೆಟರ್‌ನಲ್ಲಿರೋ ಪರ್ಸೆಂಟ್ ಸರಿ ಇದ್ಯಾ ಅಂತ ನೋಡಿ ಅಲ್ಲಿಗೇ ನಿಲ್ಲಿಸ್ತಾರೆ. ಲೆಟರ್ ಸಾಮಾನ್ಯವಾಗಿ ಸರಿಯಾಗೇ ಇರುತ್ತೆ, ಎಡವಟ್ಟಾಗೋದು ದುಡ್ಡು ಕಟ್ ಆಗೋ ಜಾಗದಲ್ಲಿ. ಅದರಲ್ಲೂ ಅರ್ಜಿ ಹಾಕೋವಾಗಲೇ ಲಾಗಿನ್ ಫೀ ಅಂತ ಸ್ವಲ್ಪ ದುಡ್ಡು ಕಟ್ಟಿದ್ರೆ ಅಲ್ಲಿ ಕಣ್ಣಿಟ್ಟು ನೋಡಲೇಬೇಕು.

ಮೊದಲು ಕಾಗದ ಒಟ್ಟು ಮಾಡಿ. ಸ್ಯಾಂಕ್ಷನ್ ಲೆಟರ್, ಕೆಎಫ್‌ಎಸ್, ಲಾಗಿನ್ ಫೀ ಕಟ್ಟಿದ ರಸೀದಿ, ಲೋನ್ ಅಕೌಂಟ್ ಸ್ಟೇಟ್‌ಮೆಂಟ್, ಜೊತೆಗೆ ನಿಮ್ಮ ಸೇವಿಂಗ್ಸ್ ಅಕೌಂಟ್ ಸ್ಟೇಟ್‌ಮೆಂಟ್. ಸೇವಿಂಗ್ಸ್ ಅಕೌಂಟ್‌ದು ಯಾಕೆ ಅಂದ್ರೆ ಫೀ ಕೆಲವೊಮ್ಮೆ ಲೋನ್ ಮೊತ್ತದಲ್ಲೇ ಹಿಡ್ಕೊಂಡಿರ್ತಾರೆ, ಕೆಲವೊಮ್ಮೆ ಅಕೌಂಟ್‌ನಿಂದ ಡೆಬಿಟ್ ಆಗಿರುತ್ತೆ, ಒಂದೇ ಕಡೆ ನೋಡಿದ್ರೆ ಎರಡೂ ಕಡೆ ಕಟ್ ಆಗಿರೋದು ಗೊತ್ತೇ ಆಗಲ್ಲ.

ಕೆಎಫ್‌ಎಸ್ ಓದಿ. ಸಾಲದ ಮುಖ್ಯ ವಿವರಗಳ ಈ ಹಾಳೆಯನ್ನ 2024ರ ಅಕ್ಟೋಬರ್ 1ರಿಂದ ಸ್ಯಾಂಕ್ಷನ್ ಆಗೋ ಎಲ್ಲಾ ಹೊಸ ರೀಟೇಲ್ ಲೋನ್‌ಗೂ ಕೊಡಲೇಬೇಕು ಅಂತ ಆರ್‌ಬಿಐ ರೂಲ್ ಇದೆ. ನಿಮಗೆ ಅರ್ಥ ಆಗೋ ಭಾಷೆಯಲ್ಲಿ ಕೊಡಬೇಕು ಅಂತಾನೂ ಇದೆ, ಕನ್ನಡದಲ್ಲಿ ಬೇಕಿದ್ರೆ ಕೇಳಿ ತಗೊಳ್ಳಿ. ಇದರಲ್ಲಿ ಬ್ಯಾಂಕಿಗೆ ಹೋಗೋ ಚಾರ್ಜು ಬೇರೆ, ಬ್ಯಾಂಕಿನ ಮೂಲಕ ಬೇರೆಯವರಿಗೆ ಹೋಗೋ ಚಾರ್ಜು (ವ್ಯಾಲ್ಯುಯೇಶನ್, ಇನ್ಶೂರೆನ್ಸ್ ಥರದ್ದು) ಬೇರೆ ಅಂತ ಬಿಡಿಸಿ ತೋರಿಸಿರ್ತಾರೆ. ಇದರಲ್ಲಿ ಇಲ್ಲದ ಚಾರ್ಜನ್ನ ನಿಮ್ಮ ಸ್ಪಷ್ಟ ಒಪ್ಪಿಗೆ ಇಲ್ಲದೆ ಆಮೇಲೆ ಹಾಕೋ ಹಾಗಿಲ್ಲ, ಹಾಗಾಗಿ ನಿಮ್ಮ ಕೈಲಿರೋ ಗಟ್ಟಿ ಕಾಗದ ಇದೇ.

ಈಗ ಲೆಕ್ಕ. ಒಂದು ಉದಾಹರಣೆ ಹಿಡ್ಕೊಳ್ಳೋಣ. 30 ಲಕ್ಷ ಸ್ಯಾಂಕ್ಷನ್, ಫೀ 0.5 ಪರ್ಸೆಂಟ್, ಅಂದ್ರೆ 15,000 ರೂಪಾಯಿ. ಅದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್, 2,700. ಒಟ್ಟು 17,700. ಬಿಲ್‌ನಲ್ಲಿ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಅಂತ ಎರಡು ಸಾಲು ಇದ್ರೆ ಗಾಬರಿ ಬೇಡ, ಅದು ಡಬಲ್ ಅಲ್ಲ, ಒಂದೇ 18ನ್ನ ಕೇಂದ್ರಕ್ಕೆ ರಾಜ್ಯಕ್ಕೆ ಅಂತ ಹಂಚಿರೋದು. ಆದ್ರೆ ಇವೆರಡರ ಜೊತೆ ಐಜಿಎಸ್‌ಟಿ ಅಂತ ಮೂರನೇದೂ ಅದೇ ಫೀ ಮೇಲೆ ಇದ್ರೆ ಅದು ತಪ್ಪು.

ಈಗ ಅರ್ಜಿ ಹಾಕೋವಾಗ ನೀವು ಲಾಗಿನ್ ಫೀ 5,900 ಕಟ್ಟಿದ್ರಿ ಅಂದ್ಕೊಳ್ಳಿ. ರಸೀದಿ ನೋಡಿ, ಅದರಲ್ಲಿ 5,000 ಫೀ, 900 ಜಿಎಸ್‌ಟಿ ಅಂತ ಇರುತ್ತೆ. ಈ ದುಡ್ಡು ಪ್ರೊಸೆಸಿಂಗ್ ಫೀಗೆ ಜಮಾ ಆಗುತ್ತೆ ಅಂತ ಸ್ಯಾಂಕ್ಷನ್ ಲೆಟರ್‌ನಲ್ಲಿ ಬರೆದಿದ್ರೆ ಬಾಕಿ ಇರೋದು 10,000 ಫೀ, ಅದಕ್ಕೆ 1,800 ಜಿಎಸ್‌ಟಿ, ಒಟ್ಟು 11,800. ಜಮಾ ಆಗುತ್ತೆ ಅಂತ ಬರೆದೇ ಇಲ್ಲ ಅಂದ್ರೆ ಸೈನ್ ಹಾಕೋಕೆ ಮುಂಚೆ ಮೇಲ್‌ನಲ್ಲಿ ಕೇಳಿ ಉತ್ತರ ತರಿಸಿಕೊಳ್ಳಿ, ಏಜೆಂಟ್ ಫೋನಲ್ಲಿ "ಅಡ್ಜಸ್ಟ್ ಆಗುತ್ತೆ ಸರ್" ಅಂದಿದ್ದು ಆಮೇಲೆ ಯಾವ ಲೆಕ್ಕಕ್ಕೂ ಬರಲ್ಲ.

ಇಲ್ಲಿಂದ ತಪ್ಪು ಮೂರು ಥರ ಆಗುತ್ತೆ. ಮೊದಲನೇದು ದೊಡ್ಡ ತಪ್ಪು, ಲಾಗಿನ್ ಫೀನ ಲೆಕ್ಕಕ್ಕೇ ತಗೊಳ್ಳದೆ 17,700 ಪೂರ್ತಿ ಕಟ್ ಮಾಡೋದು. ಇದು ರಸೀದಿ ಪಕ್ಕದಲ್ಲಿಟ್ಟು ನೋಡಿದ ತಕ್ಷಣ ಸಿಕ್ಕಿಬೀಳುತ್ತೆ, 5,900 ಜಾಸ್ತಿ.

ಎರಡನೇದು ಬಹಳ ಜನರ ಕಣ್ಣಿಗೆ ಬೀಳದೆ ಹೋಗೋದು. ಕಟ್ ಆಗಿರೋದು 12,700 ಇರುತ್ತೆ. "ಲಾಗಿನ್ ಫೀ 5,000 ಕಳೆದಿದೀವಲ್ಲ ಸರ್" ಅಂತಾರೆ, 17,700ರಲ್ಲಿ 5,000 ಹೋದ್ರೆ 12,700, ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ನೀವು ಕೊಟ್ಟಿದ್ದು 5,900. ಫೀ ಮಾತ್ರ ಕಳೆದು, ಅದರ ಜೊತೆ ಆಗಲೇ ಕಟ್ಟಿದ್ದ 900 ಜಿಎಸ್‌ಟಿನ ಇನ್ನೊಂದು ಸಲ ಹಿಡಿದಿದ್ದಾರೆ. ಇದನ್ನ ಹಿಡಿಯೋಕೆ ಒಂದು ಸುಲಭ ದಾರಿ, ಕಟ್ ಆದ ಬಿಲ್‌ನಲ್ಲಿರೋ ಟ್ಯಾಕ್ಸ್‌ನ ಅದೇ ಬಿಲ್‌ನಲ್ಲಿರೋ ಫೀಯಿಂದ ಭಾಗಿಸಿ. ಇಲ್ಲಿ ಫೀ 10,000, ಟ್ಯಾಕ್ಸ್ 2,700, ಅಂದ್ರೆ 27 ಪರ್ಸೆಂಟ್ ಆಯ್ತು. 18 ಬರಲೇಬೇಕು, ಪೈಸೆ ರೌಂಡಿಂಗ್‌ನಿಂದ ಒಂದು ರೂಪಾಯಿ ಆಚೀಚೆ ಆಗಬಹುದು ಅಷ್ಟೇ.

ಮೂರನೇದು ಟ್ಯಾಕ್ಸ್ ಮೇಲೆ ಟ್ಯಾಕ್ಸ್. ಜಿಎಸ್‌ಟಿ ಸೇರಿಸಿದ 17,700ನ್ನೇ ಯಾರೋ ಫೀ ಅಂತ ಎಂಟ್ರಿ ಮಾಡಿರ್ತಾರೆ, ಸಿಸ್ಟಮ್ ಅದರ ಮೇಲೆ ಮತ್ತೆ 18 ಪರ್ಸೆಂಟ್ ಹಾಕಿ 20,886 ಮಾಡುತ್ತೆ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಇದು ಪಾಸಾಗಿಬಿಡುತ್ತೆ, ಯಾಕಂದ್ರೆ 18 ಸರಿಯಾಗೇ ಬರುತ್ತೆ. ಅದಕ್ಕೇ ಒಟ್ಟು ಮೊತ್ತನ 1.18ರಿಂದ ಭಾಗಿಸಿ, ಬಂದಿದ್ದನ್ನ ಕೆಎಫ್‌ಎಸ್‌ನಲ್ಲಿರೋ ಫೀ ಜೊತೆ ಹೋಲಿಸಿ.

```
20886 / 1.18 = 17700
17700 / 1.18 = 15000
```

ಒಂದೇ ಸಲ ಭಾಗಿಸಿದಾಗ 15,000 ಬರಬೇಕಿತ್ತು, ಎರಡು ಸಲ ಭಾಗಿಸಬೇಕಾಗಿ ಬಂತು ಅಂದ್ರೆ ಟ್ಯಾಕ್ಸ್ ಎರಡು ಸಲ ಬಿದ್ದಿದೆ. ಇದಕ್ಕೆ ಜಿಎಸ್‌ಟಿ ಕ್ಯಾಲ್ಕುಲೇಟರ್ ಆ್ಯಪ್ ಬಳಸಬೇಡಿ ಅಂತ ನಾನು ಖಡಾಖಂಡಿತವಾಗಿ ಹೇಳ್ತೀನಿ, ಅದರಲ್ಲಿ ಟ್ಯಾಕ್ಸ್ ಸೇರಿಸೋದಾ ಬಿಡಿಸೋದಾ ಅನ್ನೋ ಬಟನ್ ಗಮನಿಸದೆ ಒತ್ತಿ ಇನ್ನಷ್ಟು ಗೊಂದಲ ಆಗುತ್ತೆ. ಮೊಬೈಲಲ್ಲಿರೋ ಮಾಮೂಲಿ ಕ್ಯಾಲ್ಕುಲೇಟರ್ ಸಾಕು.

ಪರ್ಸೆಂಟ್ ಯಾವ ಮೊತ್ತದ ಮೇಲೆ? ಲೋನ್ ಜೊತೆ ಇನ್ಶೂರೆನ್ಸ್ ಪ್ರೀಮಿಯಂನೂ ಲೋನ್‌ಗೇ ಸೇರಿಸಿದ್ರೆ 30 ಲಕ್ಷ ಹೋಗಿ 30.8 ಲಕ್ಷ ಆಗುತ್ತೆ, ಫೀ 15,000 ಇದ್ದಿದ್ದು 15,400 ಆಗುತ್ತೆ. ಆ ಪಾಲಿಸಿ ನಿಮಗೆ ಬೇಡದಿದ್ರೆ ಬೇಡ ಅಂತ ಬರೆದುಕೊಡಿ, ಸಾಲಕ್ಕೆ ಗಂಟು ಹಾಕಿ ಮಾರೋ ಪಾಲಿಸಿ ನಾನಂತೂ ಯಾರಿಗೂ ತಗೊಳ್ಳಿ ಅನ್ನಲ್ಲ. ಫೀಗೆ ಗರಿಷ್ಠ ಮಿತಿ ಇದ್ರೆ ಅದು ದಾಟಿದ್ಯಾ ನೋಡಿ. ಕಟ್ಟಡ ಏಳ್ತಾ ಏಳ್ತಾ ಕಂತಿನಲ್ಲಿ ದುಡ್ಡು ಬರೋದಿದ್ರೆ, ಸ್ಯಾಂಕ್ಷನ್ ಮೊತ್ತದ ಮೇಲೆ ಒಂದು ಸಲ ಫೀ ಹಿಡಿದಾದ್ಮೇಲೆ ಎರಡನೇ ಕಂತಿನಲ್ಲಿ ಮತ್ತೆ "PROC FEE" ಅಂತ ಸಾಲು ಕಾಣಿಸಬಾರದು. ಬಡ್ಡಿ ಮೇಲೆ ಜಿಎಸ್‌ಟಿ ಇಲ್ಲ, ಸರ್ಕಾರಕ್ಕೆ ಹೋಗೋ ಸ್ಟ್ಯಾಂಪ್ ಡ್ಯೂಟಿ ಮೇಲೂ ಇಲ್ಲ.

ತಪ್ಪು ಸಿಕ್ತು ಅಂದ್ರೆ ಬ್ರಾಂಚ್‌ಗೆ ಹೋಗಿ ವಾದ ಮಾಡೋದಕ್ಕಿಂತ ಮೇಲ್ ಹಾಕಿ. ಮೂರೇ ಸಾಲು ಸಾಕು: ಕೆಎಫ್‌ಎಸ್ ಪ್ರಕಾರ ಫೀ 15,000, ಟ್ಯಾಕ್ಸ್ 2,700. ನಾನು ಕಟ್ಟಿದ್ದು ಮೊದಲು 5,900, ಆಮೇಲೆ ಕಟ್ ಆಗಿದ್ದು 12,700, ಒಟ್ಟು 18,600. ಜಾಸ್ತಿ ಹೋಗಿರೋ 900 ವಾಪಸ್ ಕೊಡಿ, ಸರಿಯಾದ ಟ್ಯಾಕ್ಸ್ ಇನ್‌ವಾಯ್ಸ್ ಕಳಿಸಿ. ಇನ್‌ವಾಯ್ಸ್ ಕೇಳೋದನ್ನ ಬಿಡಬೇಡಿ, ಫೀ ಎಷ್ಟು ಟ್ಯಾಕ್ಸ್ ಎಷ್ಟು ಅಂತ ಅವರೇ ಬಿಡಿಸಿ ಬರೆಯೋವಾಗ 27 ಪರ್ಸೆಂಟ್ ಅವರಿಗೇ ಕಾಣುತ್ತೆ. ಬ್ಯಾಂಕ್ ದೂರು ತಳ್ಳಿಹಾಕಿದ್ರೆ, ಇಲ್ಲಾ 30 ದಿನ ಆದ್ರೂ ಉತ್ತರ ಬರದಿದ್ರೆ cms.rbi.org.in ನಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ, ಬ್ಯಾಂಕಿಗೆ ಹಾಕಿದ ಮೇಲ್ ಮಾತ್ರ ಜೊತೆಗಿರಬೇಕು.

ವಾಪಸ್ ಬರೋ ದುಡ್ಡನ್ನ ಸೇವಿಂಗ್ಸ್ ಅಕೌಂಟ್‌ಗೇ ಹಾಕಿಸಿ, ಲೋನ್ ಅಕೌಂಟ್‌ನಲ್ಲಿ ಇಎಂಐ ಎಂಟ್ರಿಗಳ ಮಧ್ಯೆ ಅದು ಯಾವುದು ಅಂತ ಹುಡುಕೋದೇ ಕಷ್ಟ. ಪೂರ್ತಿ 5,900 ವಾಪಸ್ ಬರಬೇಕಾದ ಕೇಸ್‌ನಲ್ಲಿ 5,000 ಮಾತ್ರ ಹಾಕಿ ಕೈತೊಳ್ಕೊಳ್ತಾರೆ, ಟ್ಯಾಕ್ಸ್‌ನ 900 ಬಂದಿದ್ಯಾ ಅಂತ ಬೇರೆಯಾಗೇ ನೋಡಿ, ಬಂದಿಲ್ಲ ಅಂದ್ರೆ ಅದೇ ಮೇಲ್‌ಗೆ ರಿಪ್ಲೈ ಮಾಡಿ ಕೇಳಿ.