ಸೆನ್ಸೆಕ್ಸ್ ಎದ್ದ ದಿನ, ನಮ್ಮ ದುಡ್ಡು ಎದ್ದ ದಿನ

ದಾವಣಗೆರೆಯಲ್ಲಿ ಟ್ಯಾಕ್ಸ್ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಷೇರು ಸಲಹೆ ಕೊಡುವ ಪರವಾನಗಿ ನನಗಿಲ್ಲ, ಕೊಡುವುದೂ ಇಲ್ಲ. ಆದರೆ 2007ರಿಂದ ನಾನೂ ಮಾರುಕಟ್ಟೆಯಲ್ಲಿ ದುಡ್ಡು ಹಾಕಿಕೊಂಡು ಬಂದವನು ಅನ್ನುವುದು ನನ್ನಲ್ಲಿಗೆ ಬರುವವರಿಗೆ ಗೊತ್ತು. 2024ರ ಸೆಪ್ಟೆಂಬರ್‌ನಲ್ಲಿ 85 ಸಾವಿರ ದಾಟಿದ್ದ ಸೆನ್ಸೆಕ್ಸ್ ಮುಂದಿನ ಮಾರ್ಚ್ ಹೊತ್ತಿಗೆ 73 ಸಾವಿರದ ಆಸುಪಾಸಿಗೆ ಇಳಿದಾಗ, ಕೋವಿಡ್ ಆದಮೇಲೆ ಷೇರು ಇಡುವ ಡಿಮ್ಯಾಟ್ ಖಾತೆ ತೆರೆದ ಹುಡುಗರೆಲ್ಲ ಒಂದೇ ಪ್ರಶ್ನೆ ಹಿಡಿದು ಬಂದರು: "ಸರ್, ಹಿಂದೆ ಬಿದ್ದಾಗ ಎಷ್ಟು ದಿನಕ್ಕೆ ವಾಪಸ್ ಬಂತು?"

ಉತ್ತರ ಹೇಳುವುದು ಸುಲಭ. ಹರ್ಷದ್ ಮೆಹ್ತಾ ಹಗರಣದ 1992ರ ಏಪ್ರಿಲ್‌ನಲ್ಲಿ 4,467ರಲ್ಲಿದ್ದ ಸೆನ್ಸೆಕ್ಸ್ ಒಂದು ವರ್ಷದಲ್ಲಿ ಅರ್ಧಕ್ಕಿಂತ ಕೆಳಗಿಳಿದು, 1994ರ ಸೆಪ್ಟೆಂಬರ್ ಹೊತ್ತಿಗೆ ಹಳೆಯ ಎತ್ತರ ಮುಟ್ಟಿತು. 2000ದ ಫೆಬ್ರವರಿಯ ಐಟಿ ಅಬ್ಬರದಲ್ಲಿ 5,933 ಇದ್ದದ್ದು 2001ರ ಸೆಪ್ಟೆಂಬರ್‌ಗೆ 2,600ಕ್ಕೆ ಬಂತು. ವಾಪಸ್ ಏರಲು 2004ರ ಜನವರಿವರೆಗೆ ಹಿಡಿಯಿತು, ಹತ್ತಿರ ಹತ್ತಿರ ನಾಲ್ಕು ವರ್ಷ. 2020ರಲ್ಲಿ ಜನವರಿಯ ಎತ್ತರವನ್ನು ನವೆಂಬರ್‌ನಲ್ಲೇ ದಾಟಿಬಿಟ್ಟಿತು. ಈಗಿನವರ ತಲೆಯಲ್ಲಿ ಕೂತಿರುವುದು ಈ ಕೊನೆಯದೊಂದೇ. ಬಿದ್ದರೆ ಹತ್ತು ತಿಂಗಳು, ಅಷ್ಟೇ ಅಂದುಕೊಂಡಿದ್ದಾರೆ.

ನಾನು ಅವರಿಗೆ ತೋರಿಸುವುದು 2008ರ ಲೆಕ್ಕ. ಅದು ನಾನೇ ಒಳಗಿದ್ದು ನೋಡಿದ ಕುಸಿತ. ಅಷ್ಟೇ ಅಲ್ಲ, "ಎಷ್ಟು ದಿನ" ಎಂಬ ಪ್ರಶ್ನೆಗೆ ಅದೊಂದರಲ್ಲೇ ಮೂರು ನಾಲ್ಕು ಬೇರೆ ಬೇರೆ ಉತ್ತರ ಇವೆ.

2008ರ ಜನವರಿ 8ರಂದು ಸೆನ್ಸೆಕ್ಸ್ 20,873ಕ್ಕೆ ಮುಗಿದಿತ್ತು. ಜನವರಿ 21ರ ಸೋಮವಾರ ಒಂದೇ ದಿನ 1,408 ಅಂಶ ಹೋಯಿತು. ಮರುದಿನ ಬೆಳಿಗ್ಗೆ ನಾನು ಬ್ರೋಕರ್ ಆಫೀಸಿನಲ್ಲಿದ್ದೆ. ಆಗ ಮೊಬೈಲಿನಲ್ಲಿ ವ್ಯಾಪಾರ ಇರಲಿಲ್ಲ. ಆಪರೇಟರ್ ಹಿಂದೆ ನಿಂತು ಕೊಡು, ತಗೋ ಅನ್ನಬೇಕಿತ್ತು. ತೆರೆದ ಕೂಡಲೇ ಶೇ 10 ಬಿದ್ದು ಸರ್ಕ್ಯೂಟ್ ಎಂಬ ಮಿತಿ ತಾಗಿ ವ್ಯಾಪಾರ ಒಂದು ಗಂಟೆ ನಿಂತುಹೋಯಿತು. ಪರದೆ ಅಲ್ಲಾಡುತ್ತಿರಲಿಲ್ಲ, ಫೋನು ಮಾತ್ರ ಬಡಿದುಕೊಳ್ಳುತ್ತಿತ್ತು. ಸ್ವಲ್ಪ ಮುಂಗಡ, ಅಂದರೆ ಮಾರ್ಜಿನ್, ಇಟ್ಟು ಸಾಲದಲ್ಲಿ ಕೊಂಡಿದ್ದ ಒಬ್ಬೊಬ್ಬರಿಗೇ ಆಪರೇಟರ್ ಫೋನ್ ಮಾಡಿ "ಅಣ್ಣಾ, ಮಾರ್ಜಿನ್ ಕಮ್ಮಿ ಬಿದ್ದಿದೆ, ಚೆಕ್ ಕಳಿಸಿ, ಇಲ್ಲಾಂದ್ರೆ ನಾವೇ ಕಟ್ ಮಾಡ್ಬೇಕಾಗ್ತದೆ" ಅನ್ನುತ್ತಿದ್ದ. ಚೆಕ್ ತರಲಾಗದವರ ಷೇರುಗಳು ವ್ಯಾಪಾರ ಮತ್ತೆ ಶುರುವಾದ ಕೂಡಲೇ ಸಿಕ್ಕ ಬೆಲೆಗೆ ಹೋದವು. ಆ ದಿನವೇ ಮಾರುಕಟ್ಟೆ ಕೆಳಮಟ್ಟದಿಂದ ಸಾಕಷ್ಟು ಮೇಲೆ ಬಂದು ಮುಗಿಯಿತು. ಕಟ್ ಆದವರಿಗೆ ಅದರಿಂದ ಏನೂ ದಕ್ಕಲಿಲ್ಲ. ಸಾಲದಲ್ಲಿ ಕೊಂಡವರಿಗೆ ಚೇತರಿಕೆಯ ಅವಧಿ ಎಂಬುದೇ ಇರುವುದಿಲ್ಲ, ಅಷ್ಟು ಹೊತ್ತಿಗೆ ಷೇರೇ ಅವರ ಕೈಲಿರುವುದಿಲ್ಲ. ಈಗ ಆ ಫೋನೂ ಬರುವುದಿಲ್ಲ. ಆ್ಯಪ್‌ನಲ್ಲಿ ಒಂದು ನೋಟಿಫಿಕೇಶನ್ ಬರುತ್ತದೆ, ಆಮೇಲೆ ತಾನೇ ಮಾರಿಹಾಕುತ್ತದೆ.

ಸೆಪ್ಟೆಂಬರ್ 15ಕ್ಕೆ ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕ್ ದಿವಾಳಿ ಅರ್ಜಿ ಹಾಕಿತು. ವಿದೇಶಿ ಸಂಸ್ಥೆಗಳು ತಮ್ಮ ಮನೆಯ ಬೆಂಕಿ ಆರಿಸಲು ಇಲ್ಲಿಯದನ್ನು ಮಾರಿ ದುಡ್ಡು ಒಯ್ದವು. 2009ರ ಮಾರ್ಚ್ 9ಕ್ಕೆ ಸೆನ್ಸೆಕ್ಸ್ 8,160. ಅಂದರೆ ಶೇ 61 ಇಳಿಕೆ. ಇಲ್ಲಿ ಹುಡುಗರು ಎಡವುವ ಒಂದು ಲೆಕ್ಕವಿದೆ. ಶೇ 61 ಬಿದ್ದದ್ದು ಶೇ 61 ಏರಿದರೆ ಸರಿಹೋಗುವುದಿಲ್ಲ. 8,160 ಮತ್ತೆ 20,873 ಆಗಬೇಕಾದರೆ ಶೇ 156 ಏರಬೇಕು.

ಅಷ್ಟೂ ಏರಿತು. 2010ರ ನವೆಂಬರ್ 5ರ ದೀಪಾವಳಿ ಮುಹೂರ್ತದ ವ್ಯಾಪಾರದಲ್ಲಿ ಸೆನ್ಸೆಕ್ಸ್ 21 ಸಾವಿರ ದಾಟಿ ಮುಗಿಯಿತು. ಎರಡು ವರ್ಷ ಹತ್ತು ತಿಂಗಳು. ಪುಸ್ತಕದಲ್ಲಿ ಬರೆದಿರುವ ಉತ್ತರ ಇದೇ. ಆದರೆ ಅಲ್ಲಿ ಅದು ನಿಲ್ಲಲಿಲ್ಲ. 2011ರ ಡಿಸೆಂಬರ್‌ನಲ್ಲಿ ಮತ್ತೆ 15 ಸಾವಿರದ ಹತ್ತಿರ ಬಂತು. 2010ರ ಎತ್ತರವನ್ನು ದಾಟಿದ್ದು 2013ರ ಅಕ್ಟೋಬರ್ ಕೊನೆಗೆ. ಹಾಗೆ ಎಣಿಸಿದರೆ ಹತ್ತಿರ ಹತ್ತಿರ ಆರು ವರ್ಷ. ಆ ಅವಧಿಯ ಬಹುಪಾಲು ಬ್ಯಾಂಕಿನ ಠೇವಣಿಗೆ ಶೇ 8, 9 ಬಡ್ಡಿ ಸಿಗುತ್ತಿತ್ತು, ಬೆಲೆಯೇರಿಕೆಯೂ ಜೋರಾಗಿತ್ತು. ಜನವರಿ 2008ರಲ್ಲಿ ಒಂದೇ ಗಂಟಿನಲ್ಲಿ ಹಾಕಿದವನ ಅಸಲು ಅಂಕಿಯಲ್ಲಿ ವಾಪಸ್ ಬಂದಾಗ, ಅದರ ಕೊಳ್ಳುವ ಶಕ್ತಿ ವಾಪಸ್ ಬಂದಿರಲಿಲ್ಲ.

ಹಾಗಾದರೆ ನನ್ನ ದುಡ್ಡು? ನಾನು ತಿಂಗಳಿಗೆ 5,000 ಹಾಕುತ್ತಿದ್ದೆ. ಡಿವಿಡೆಂಡ್, ಫಂಡಿನ ಖರ್ಚು ಎರಡನ್ನೂ ಬದಿಗಿಟ್ಟು, ಪ್ರತಿ ತಿಂಗಳ ಕೊನೆಯ ದಿನ ಸೆನ್ಸೆಕ್ಸನ್ನೇ ಕೊಂಡಂತೆ ಒಂದು ಹಾಳೆ ಮಾಡಿಟ್ಟಿದ್ದೇನೆ. ಬಂದವರ ಮುಂದೆ ಇಡುವುದು ಆ ಹಾಳೆಯನ್ನೇ.

2008ರ ಜನವರಿ ಕೊನೆಯಿಂದ ಶುರು. 2009ರ ಫೆಬ್ರವರಿ ಕೊನೆಗೆ 14 ಕಂತು, ಒಟ್ಟು 70,000 ರೂಪಾಯಿ. ಆ ದಿನ ಸೆನ್ಸೆಕ್ಸ್ 8,892. ಹಾಳೆಯಲ್ಲಿ ಕಾಣುವ ಮೌಲ್ಯ ಸುಮಾರು 49,800. ಇಲ್ಲಿಗೆ ಬಂದಾಗ ಎದುರಿಗಿದ್ದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಒಂದು ವರ್ಷದ ಮೇಲೆ ಎರಡು ತಿಂಗಳು ಕಟ್ಟಿ 20 ಸಾವಿರ ಕಳೆದುಕೊಂಡಂತೆ ಕಾಣುತ್ತದೆ. ಹೀಗೆ ತಿಂಗಳು ತಿಂಗಳು ಕಂತಿನಲ್ಲಿ ಹಾಕುವ ಎಸ್‌ಐಪಿ ಅಂದರೆ ನಷ್ಟವೇ ಇಲ್ಲ ಎಂದು ಯಾರಾದರೂ ಹೇಳಿದ್ದರೆ, ಈ ಸಾಲು ಅವರಿಗೆ ತೋರಿಸಿ ಅನ್ನುತ್ತೇನೆ.

ಅದೇ ಹಾಳೆಯನ್ನು 2009ರ ಡಿಸೆಂಬರ್ ಕೊನೆಗೆ ಎಳೆಯುತ್ತೇನೆ. 24 ಕಂತು, 1,20,000 ರೂಪಾಯಿ. ಸೆನ್ಸೆಕ್ಸ್ ಇನ್ನೂ 17,465ರಲ್ಲಿದೆ, ಹಳೆಯ ಎತ್ತರಕ್ಕೆ ಮೂರು ಸಾವಿರಕ್ಕೂ ಹೆಚ್ಚು ಬಾಕಿ. ಆದರೂ ಮೌಲ್ಯ ಸುಮಾರು 1,58,400. ಇದೇ 1,20,000ವನ್ನು 2007ರ ಡಿಸೆಂಬರ್ 31ಕ್ಕೆ ಒಟ್ಟಿಗೇ ಹಾಕಿದ್ದರೆ 1,03,300 ಆಗಿರುತ್ತಿತ್ತು. ಮಾರುಕಟ್ಟೆ ಎದ್ದೇಳುವ ಮೊದಲೇ ಕಂತಿನ ದುಡ್ಡು ಎದ್ದಿತ್ತು.

ಯಾಕೆ ಅನ್ನುವುದು ಹಾಳೆಯ ನಡುವೆ ಇದೆ. 2008ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗಿನ ಆರು ಕಂತು, ಸೆನ್ಸೆಕ್ಸ್ ಒಂಬತ್ತು ಸಾವಿರದ ಆಚೀಚೆ ಇದ್ದಾಗ ಹೋದ ದುಡ್ಡು. ಆ 30,000 ರೂಪಾಯಿ ಒಂದೇ ಆ ಡಿಸೆಂಬರ್ ಹೊತ್ತಿಗೆ ಸುಮಾರು 55,700 ಆಗಿತ್ತು. ಒಟ್ಟು ಲಾಭ 38 ಸಾವಿರ ಆಯಿತಲ್ಲ, ಅದರಲ್ಲಿ 25 ಸಾವಿರಕ್ಕೂ ಮೇಲ್ಪಟ್ಟದ್ದು ಈ ಆರು ಕಂತಿನದು. ಪೇಪರಿನಲ್ಲಿ ಎಲ್ಲರೂ ಕೆಲಸ ಹೋಗುವ ಸುದ್ದಿ ಓದುತ್ತಿದ್ದ ತಿಂಗಳುಗಳು ಅವು. ಕಂತು ನಿಲ್ಲಿಸಿದವರು ನಿಲ್ಲಿಸಿದ್ದೂ ಆಗಲೇ. ಮತ್ತೆ ಶುರು ಮಾಡಲು ಅವರಿಗೆ ಧೈರ್ಯ ಬರುವಷ್ಟರಲ್ಲಿ, ಚುನಾವಣೆ ಫಲಿತಾಂಶದ ಮರು ವ್ಯಾಪಾರದ ದಿನ, 2009ರ ಮೇ 18ಕ್ಕೆ, ಸೆನ್ಸೆಕ್ಸ್ ಒಂದೇ ಏಟಿಗೆ 2,110 ಅಂಶ ಮೇಲೇರಿ ಸರ್ಕ್ಯೂಟ್ ತಾಗಿ ನಿಂತಿತ್ತು. ಕೊಳ್ಳಲು ಹೋದವರಿಗೆ ಆವತ್ತು ಮಾರುವವರೇ ಸಿಗಲಿಲ್ಲ.

ನಾನು ಆ ತಿಂಗಳುಗಳಲ್ಲಿ ಕಟ್ಟಿದ್ದು ಎದೆಗಾರಿಕೆಯಿಂದಲ್ಲ. ಆರು ತಿಂಗಳ ಮನೆಖರ್ಚು ಬೇರೆಯಾಗಿ ಬ್ಯಾಂಕಿನಲ್ಲಿತ್ತು. ಕೆಲಸ ಹೋಗುವ ಭಯವಿದ್ದು ಕೈಲಿ ಪುಡಿಗಾಸೂ ಇಲ್ಲದಿದ್ದರೆ ಯಾರಾದರೂ ಕಂತು ನಿಲ್ಲಿಸುತ್ತಾರೆ, ನಿಲ್ಲಿಸಲೇಬೇಕು.

ಈ ಹಾಳೆಯ ಮಿತಿಯನ್ನೂ ಹೇಳಿಬಿಡಬೇಕು. ಮೊದಲ ಎರಡು ವರ್ಷದ ಕಂತಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಹೊಸದಾಗಿ ಹೋಗುವ ದುಡ್ಡು ಹಳೆಯದಕ್ಕೆ ಹೋಲಿಸಿದರೆ ದೊಡ್ಡದು. ಹದಿನೈದು ವರ್ಷ ಕಟ್ಟಿ 20 ಲಕ್ಷ ಕೂಡಿಸಿದವನಿಗೆ ತಿಂಗಳ 5,000 ಕಾಲು ಪರ್ಸೆಂಟ್. ಆಗ ಬಿದ್ದರೆ ಅವನೂ ಒಂದೇ ಗಂಟಿನಲ್ಲಿ ಹಾಕಿದವನಂತೆಯೇ ಕಾಯಬೇಕು. ಇಪ್ಪತ್ತೈದರ ಹುಡುಗನ ಧೈರ್ಯವನ್ನು ಐವತ್ತೆಂಟರ ಅವನ ಅಪ್ಪ ಎರವಲು ಪಡೆಯಬಾರದು.

ಇನ್ನೊಂದು, ಎದ್ದದ್ದು ಸೆನ್ಸೆಕ್ಸ್, ಎಲ್ಲ ಷೇರುಗಳಲ್ಲ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಲೆಕ್ಕದ ಮೋಸ ಹೊರಬಿದ್ದಾಗ ಸೂಚ್ಯಂಕದಿಂದ ಅದನ್ನು ತೆಗೆದು ಸನ್ ಫಾರ್ಮಾವನ್ನು ಸೇರಿಸಿದರು. ಸೂಚ್ಯಂಕ ಹೀಗೆ ಕೆಟ್ಟದ್ದನ್ನು ಕಿತ್ತು ಬೇರೆ ನೆಟ್ಟುಕೊಳ್ಳುತ್ತದೆ. ನಮ್ಮ ಡಿಮ್ಯಾಟ್‌ನಲ್ಲಿ ಹಾಗೆ ಯಾರೂ ಬದಲಾಯಿಸಿಕೊಡುವುದಿಲ್ಲ. 2008ರ ಜನವರಿಯಲ್ಲಿ ಎಲ್ಲರ ಬಾಯಲ್ಲಿದ್ದ ಯೂನಿಟೆಕ್, ಸುಜ್ಲಾನ್ ಆಗಿನ ಬೆಲೆಯನ್ನು ಇವತ್ತಿಗೂ ಕಂಡಿಲ್ಲ. ಆದ್ದರಿಂದ "ಬಿದ್ದದ್ದು ಎದ್ದೇ ಏಳುತ್ತೆ" ಎಂದು ಒಂದೇ ಷೇರನ್ನು ಇಳಿದಂತೆಲ್ಲ ಕೊಳ್ಳುವವರಿಗೆ ನನ್ನ ಹಾಳೆ ಯಾವ ಸಾಕ್ಷಿಯನ್ನೂ ಹೇಳುವುದಿಲ್ಲ. ದೇಶದ ಸೂಚ್ಯಂಕವೂ ಕೈಕೊಟ್ಟಿದ್ದಿದೆ. ಜಪಾನಿನ ನಿಕ್ಕಿ 1989ರ ಡಿಸೆಂಬರ್ ಕೊನೆಯ ಎತ್ತರವನ್ನು ದಾಟಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತನಾಲ್ಕು ವರ್ಷ! ಅಲ್ಲಿ ಷೇರು, ಭೂಮಿ ಎರಡೂ ವಿಪರೀತ ಬೆಲೆಗೆ ಹೋಗಿದ್ದವು.

ಇಷ್ಟೆಲ್ಲ ನೋಡಿ ನಾನು ಇಟ್ಟುಕೊಂಡ ಗಡುವು ಏಳು ವರ್ಷ. 2008ರದಕ್ಕೆ ಸುಮಾರು ಆರು. 1994ರ ಸೆಪ್ಟೆಂಬರ್‌ನ ಎತ್ತರಕ್ಕೆ ಬಂದು ಸೆನ್ಸೆಕ್ಸ್ ಮತ್ತೆ ಜಾರಿ, ಅದನ್ನು ದಾಟಲು 1999 ಬರಬೇಕಾಯಿತು, ಅದೂ ಹತ್ತಿರ ಹತ್ತಿರ ಐದು. ಆ ಆರರ ಮೇಲೊಂದು ವರ್ಷ ನನ್ನ ಹೆದರಿಕೆಗೆ. ಏಳು ವರ್ಷದೊಳಗೆ ಬೇಕಾಗುವ ದುಡ್ಡು ಹೊಸದಾಗಿ ಷೇರಿಗೆ ಹೋಗುವುದಿಲ್ಲ. ಹಳೆಯದರಲ್ಲಿ ಖರ್ಚಿನ ದಿನ ಗೊತ್ತಿರುವ ಭಾಗವನ್ನು ಎರಡು ಮೂರು ವರ್ಷ ಮೊದಲಿನಿಂದಲೇ, ಮಾರುಕಟ್ಟೆ ಏರಿರಲಿ ಇಳಿದಿರಲಿ ನೋಡದೆ, ಕಂತು ಕಂತಾಗಿ ತೆಗೆದು ಬ್ಯಾಂಕಿಗೆ ಹಾಕುತ್ತೇನೆ. ಹಾಕುವಾಗ ಎಸ್‌ಐಪಿ, ತೆಗೆಯುವಾಗಲೂ ಅದೇ ಶಿಸ್ತು.

ಮಗಳ ಇಂಜಿನಿಯರಿಂಗ್ ಶುಲ್ಕ 2020ರ ಮಧ್ಯದಲ್ಲಿ ಬೇಕಿತ್ತು. 2018ರಿಂದಲೇ ತೆಗೆಯಲು ಶುರುಮಾಡಿ, 2019ರ ಕೊನೆಗೆ ಪೂರ್ತಿ ಎಫ್‌ಡಿಯಲ್ಲಿಟ್ಟಿದ್ದೆ. ಆಮೇಲೂ ಎರಡು ತಿಂಗಳು ಮಾರುಕಟ್ಟೆ ಮೇಲೇ ಇತ್ತು, ಮನೆಯಲ್ಲಿ "ಅವಸರ ಮಾಡಿದ್ರಿ" ಅಂತಲೂ ಅನ್ನಿಸಿಕೊಂಡೆ. ಮಾರ್ಚ್ 23ಕ್ಕೆ ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಬಿದ್ದು 25,981ಕ್ಕೆ ಬಂತು. ಆ ರಾತ್ರಿ ನಾನು ಮಗಳ ಶುಲ್ಕದ ಬಗ್ಗೆ ಯೋಚಿಸಲಿಲ್ಲ. ತಮಾಷೆಯೆಂದರೆ ಸಿಇಟಿ ಜುಲೈ ಕೊನೆಗೆ ನಡೆದು, ಸೀಟು ಹಂಚಿಕೆಯಾಗಿ ಶುಲ್ಕ ಕಟ್ಟುವಷ್ಟರಲ್ಲಿ ವರ್ಷದ ಕೊನೆ ಬಂದಿತ್ತು, ಸೆನ್ಸೆಕ್ಸೂ ಹಳೆಯ ಎತ್ತರ ದಾಟಿತ್ತು. ಷೇರಿನಲ್ಲೇ ಬಿಟ್ಟಿದ್ದರೂ ನಡೆಯುತ್ತಿತ್ತು. ಮಗಳು ಈಗಲೂ ಅದನ್ನು ಹೇಳಿ ನಗುತ್ತಾಳೆ. ಎರಡನೆಯವನ ಶುಲ್ಕಕ್ಕೂ ನಾನು ಹಾಗೇ ಮಾಡಿದೆ.