ಪುಡಿ ಕೊನೆಗೆ, ಕಾಳು ಮೊದಲು: ನನ್ನ ಅಂಗಡಿಯ ಚಹಾ

ವಿಜಯಪುರದ ನನ್ನ ಚಹಾದಂಗಡಿಯಲ್ಲಿ ಎರಡು ಪಾಲು ಡಸ್ಟ್ ಪುಡಿಗೆ ಒಂದು ಪಾಲು ಬಿ.ಪಿ. ಎಂಬ ದಪ್ಪ ಕಾಳಿನ ಚಹಾ ಬೆರೆಸುತ್ತೇನೆಂದಾಗ, ಪಕ್ಕದ ಅಂಗಡಿಯ ಕಾಕಾ, "ಏ ತಮ್ಮಾ, ಬಣ್ಣಾ ಪುಡಿನs ಕೊಡತದ, ಕಾಳಿಗೆ ಯಾಕ ರೊಕ್ಕಾ ಸುರೀತಿ?" ಎಂದಿದ್ದರು. ಈಗ ಅವರೂ ನನ್ನ ಕ್ರಮವನ್ನೇ ಅನುಸರಿಸುತ್ತಿದ್ದಾರೆ.

ಡಸ್ಟ್ ಎಂದರೆ ಕಸವಲ್ಲ, ಜರಡಿಯಲ್ಲಿ ಬೇರ್ಪಟ್ಟ ಅತಿ ಸಣ್ಣ ಗಾತ್ರ. ಕಣ ಸಣ್ಣದಾದಷ್ಟೂ ಬಣ್ಣ ಮತ್ತು ಒಗರು ಬೇಗ ಇಳಿಯುತ್ತವೆ. ನನ್ನ ಅಂದಾಜಿನಲ್ಲಿ ಒಂದು ಕಿಲೋ ಡಸ್ಟ್‌ನಿಂದ ಸುಮಾರು 500 ಸಣ್ಣ ಕಪ್ ಆಗುತ್ತವೆ, ಬರೀ ಕಾಳಿನಿಂದ 350ರಷ್ಟು. ಡಸ್ಟ್ ಕಿಲೋಗೆ 320 ರೂಪಾಯಿ, ಕಾಳು 360ರ ಆಸುಪಾಸು ಇದ್ದಾಗ, ಕಪ್ಪಿಗೆ ಡಸ್ಟ್‌ಗೆ ಸುಮಾರು 64 ಪೈಸೆ, ಕಾಳಿಗೆ ಒಂದು ರೂಪಾಯಿ ತಗಲುತ್ತಿತ್ತು. ಆದರೆ ಬಟ್ಟೆಯಲ್ಲಿ ಸೋಸಿದ ಮೇಲೂ ಡಸ್ಟ್‌ನ ಅತಿ ಸಣ್ಣ ಕಣಗಳು ಕೆಳಗಿಳಿದು ಪಾತ್ರೆಯಲ್ಲಿ ಒಗರು ಬಿಡುತ್ತಲೇ ಇರುತ್ತಿದ್ದವು; ಅರ್ಧ ಗಂಟೆ ಕಳೆದ ಚಹಾವನ್ನು ಚೆಲ್ಲಬೇಕಾಗುತ್ತಿತ್ತು. ಬರೀ ಕಾಳು ಹಾಕಿ ನೋಡಿದೆ. ಸುವಾಸನೆ ಇತ್ತು, ಆದರೆ ಹಾಲು ಬಿದ್ದೊಡನೆ ಚಹಾ ತೆಳುವಾಯಿತು, ಗಿರಾಕಿಗಳು ಕಡಕ್ ಇಲ್ಲವೆಂದರು. ಮೂರನೆಯ ದಾರಿಯೇ ಗೆದ್ದಿತು: ನೀರು ಕುದಿಯುವಾಗ ಮೊದಲು ಕಾಳು ಹಾಕಿ ಮೂರು ನಿಮಿಷದಷ್ಟು ಬಿಟ್ಟು, ನಂತರ ಹಾಲು ಸೇರಿಸಿ ಅದು ಕುದಿಗೆ ಬಂದಾಗ ಡಸ್ಟ್ ಹಾಕಿ ಒಂದೇ ನಿಮಿಷದಲ್ಲಿ ಇಳಿಸಿ ಸೋಸುವುದು. ಅದೇ ದರದಲ್ಲಿ ಮಿಶ್ರಣಕ್ಕೆ ಕಪ್ಪಿಗೆ ಮುಕ್ಕಾಲು ರೂಪಾಯಿಯಷ್ಟು ಬೀಳುತ್ತಿತ್ತು, ಚೆಲ್ಲುವುದು ಬಹುತೇಕ ನಿಂತಿದೆ. ಶುಂಠಿಯನ್ನು ಯಾವಾಗ ಹಾಕುತ್ತೇನೆಂಬುದು ನನ್ನೊಳಗೇ ಇರಲಿ.

ಹೊಸ ಮಾಲು ಬಂದಾಗ ಎರಡು ಗ್ರಾಂ ಪುಡಿಗೆ ನೂರು ಮಿಲಿ ಕುದಿಯುವ ನೀರು ಹಾಕಿ, ಆರು ನಿಮಿಷ ಮುಚ್ಚಿಟ್ಟು, ಹಾಲಿಲ್ಲದೆ ಕುಡಿದು ನೋಡುತ್ತೇನೆ. ತಣ್ಣೀರು ಚಿಮುಕಿಸಿದ ಬಿಳಿ ಕಾಗದದ ಮೇಲೆ ಪುಡಿ ಉದುರಿಸಿದಾಗ ಕೂಡಲೇ ಗಾಢ ಕಲೆ ಹರಡಿದರೆ ಬಣ್ಣ ಬೆರೆಸಿದ ಅನುಮಾನದಿಂದ ಆ ಮಾಲನ್ನು ಹಿಂದಿರುಗಿಸುತ್ತೇನೆ.

ನಡುವೆ ಗ್ರೀನ್ ಟೀಯನ್ನೂ ಇಟ್ಟು ನೋಡಿದೆ. ಅದೂ ಅದೇ ಗಿಡದ ಎಲೆ. ಕಿತ್ತೊಡನೆ ಶಾಖ ಕೊಟ್ಟು ಕಪ್ಪಾಗುವುದನ್ನು ತಡೆದಿರುತ್ತಾರೆ. ಕುದಿಯುವ ನೀರಿನಲ್ಲಿ ಅದು ಕಹಿಯಾಗುತ್ತದೆ. ಕುದಿದ ನೀರನ್ನು ಆರಿಸಿ 80 ಡಿಗ್ರಿಯ ಸಮೀಪ ಎರಡು ನಿಮಿಷ ನೆನೆಸಿದರೆ ಸರಿಯಾಗುತ್ತದೆ. ನಮ್ಮ ಹಾಲು-ಸಕ್ಕರೆಯ ಚಹಾಕ್ಕೆ ಅದು ಪರ್ಯಾಯವಲ್ಲ. ಪೊಟ್ಟಣದ ಮೇಲಿನ 'ಆಂಟಿಆಕ್ಸಿಡೆಂಟ್' ಎಂಬ ಮಾತನ್ನು ನೋಡಿ ಹೆಚ್ಚು ಹಣ ಕೊಡಲಾರೆ, ಏಕೆಂದರೆ ಕಪ್ಪು ಚಹಾದಲ್ಲೂ ಅಂಥ ಪದಾರ್ಥಗಳಿವೆ. 'ಪ್ರೀಮಿಯಂ', 'ಗೋಲ್ಡ್' ಎಂಬವು ದರ್ಜೆಯ ಹೆಸರುಗಳಲ್ಲ, ಆಹಾರ ಪರವಾನಗಿಯ ಸಂಖ್ಯೆ ರುಚಿಯ ಪ್ರಮಾಣಪತ್ರವೂ ಅಲ್ಲ. ನಾನು ನೋಡುವುದು ಡಸ್ಟ್ ಅಥವಾ ಲೀಫ್ ಎಂಬ ಬರಹ, ಪ್ಯಾಕ್ ಮಾಡಿದ ತಿಂಗಳು, ಸುವಾಸನೆ ಸೇರಿಸಿದೆಯೇ ಎಂಬ ಘೋಷಣೆ, ಮತ್ತು ಕಿಲೋಗೆ ಲೆಕ್ಕ ಹಾಕಿದ ಬೆಲೆ.